ನಾಲ್ಕು ಜನರ ಬಿಸಿಬೇಳೆಬಾತ್ ನಲವತ್ತು ಜನರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ದಿನ ಅಡುಗೆಯವರನ್ನು ಕರೆಸುವುದಿಲ್ಲ, ನಾವೇ ಮಾಡುತ್ತೇವೆ. ಮೊದಲ ವರ್ಷ ಬಿಸಿಬೇಳೆಬಾತ್ ನನ್ನ ಪಾಲಿಗೆ ಬಂತು. ಮನೆಯಲ್ಲಿ ನಾಲ್ಕು ಜನಕ್ಕೆ ಮಾಡುವ ಅಳತೆಯನ್ನು ಎಲ್ಲದಕ್ಕೂ ಹತ್ತರಿಂದ ಗುಣಿಸಿ ಮಾಡಿದೆ. ಲವಂಗದ ಘಾಟು ಮೂಗಿಗೆ ಬಡಿಯುತ್ತಿತ್ತು, ಊಟದ ಹೊತ್ತಿಗೆ ಬಾತ್ ಹಿಟ್ಟಿನ ಮುದ್ದೆಯ ಹಾಗೆ ಗಟ್ಟಿಯಾಗಿತ್ತು, ಕೊನೆಗೆ ಕಾಲು ಪಾತ್ರೆಗಿಂತ ಜಾಸ್ತಿ ಉಳಿಯಿತು. ಅದಾದ ಮೇಲೆ ಎಷ್ಟೋ ಸಲ ಮಾಡಿದ್ದೇನೆ. ಬೇರೆಯವರು ಮಾಡುವಾಗ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನಾಲ್ಕು ಜನಕ್ಕೆ ಒಂದು ಪಾವು ಅಕ್ಕಿ ಅಂದರೆ ನಲವತ್ತು ಜನಕ್ಕೆ ಹತ್ತು ಪಾವು ಅಲ್ವಾ?

ಅಲ್ಲ. ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿದ ದಿನ ಬೇರೇನೂ ಇರುವುದಿಲ್ಲ. ಎಲ್ಲರೂ ಅದನ್ನೇ ಹೊಟ್ಟೆ ತುಂಬ ತಿನ್ನುತ್ತಾರೆ. ನಮ್ಮ ಮನೆಯ ಅಳತೆಗೆ ಒಟ್ಟು ಸುಮಾರು 2.1 ಕೆಜಿ ಬಾತ್ ಆಗುತ್ತದೆ, ಅಂದರೆ ತಲೆಗೆ ಅರ್ಧ ಕೆಜಿಗಿಂತ ಸ್ವಲ್ಪ ಮೇಲೆ. ಕಾರ್ಯಕ್ರಮದಲ್ಲಿ ಹಾಗಲ್ಲ. ಜೊತೆಗೆ ಕೋಸಂಬರಿ ಇರುತ್ತದೆ, ಮೊಸರನ್ನ ಇರುತ್ತದೆ, ಒಂದು ಸಿಹಿ ಇರುತ್ತದೆ, ನಲವತ್ತರಲ್ಲಿ ಏಳೆಂಟು ಮಕ್ಕಳೂ ಇರುತ್ತಾರೆ. ಅಂಥ ಊಟದಲ್ಲಿ ತಲೆಗೆ 400 ಗ್ರಾಂ ಹಿಡಿದರೆ ಎರಡನೇ ಸಲ ಬಡಿಸುವುದಕ್ಕೂ ಸಾಕು. ನಲವತ್ತು ಜನಕ್ಕೆ 16 ಕೆಜಿ ಆಯಿತು.

16 ಕೆಜಿಯನ್ನು 2.1ರಿಂದ ಭಾಗಿಸಿದರೆ ಸುಮಾರು ಏಳೂವರೆ ಬರುತ್ತದೆ. ಹತ್ತು ಪಟ್ಟು ಅಲ್ಲ, ಏಳೂವರೆ ಪಟ್ಟು. ಏಳೂವರೆ ಶನಿ ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ! ಮೊಸರನ್ನ ಇಲ್ಲದೆ ಬರೀ ಬಾತ್ ಮತ್ತು ಖಾರಾಬೂಂದಿ ಕೊಡುತ್ತೀರಾದರೆ ಒಂಬತ್ತು ಪಟ್ಟು ಹಿಡಿಯಿರಿ. ನಿಮ್ಮ ಮನೆಯ ಅಳತೆ ಬೇರೆ ಇದ್ದರೆ ಒಂದು ಕೆಲಸ ಮಾಡಿ. ಮುಂದಿನ ಸಲ ಮನೆಯಲ್ಲಿ ಬಾತ್ ಮಾಡಿದಾಗ ಪಾತ್ರೆ ಸಮೇತ ತೂಕ ಮಾಡಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಆ ಒಂದು ಸಂಖ್ಯೆ ಗೊತ್ತಿದ್ದರೆ ಮಿಕ್ಕ ಲೆಕ್ಕ ಸುಲಭ.

ಸರಿ, ಅಳತೆ ಹೇಳಿಬಿಡಿ.

ಮೊದಲು ಮನೆಯದು, ಆಮೇಲೆ ನಲವತ್ತು ಜನರದು:

- ಅಕ್ಕಿ: 200 ಗ್ರಾಂ, 1.5 ಕೆಜಿ
- ತೊಗರಿಬೇಳೆ: 150 ಗ್ರಾಂ, 1.1 ಕೆಜಿ
- ತರಕಾರಿ (ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ, ಆಲೂಗಡ್ಡೆ): 280 ಗ್ರಾಂ, 2.1 ಕೆಜಿ
- ಹುಣಸೆಹಣ್ಣು: 25 ಗ್ರಾಂ, 185 ಗ್ರಾಂ
- ಬಿಸಿಬೇಳೆಬಾತ್ ಪುಡಿ: 30 ಗ್ರಾಂ, 225 ಗ್ರಾಂ
- ಉಪ್ಪು: 20 ಗ್ರಾಂ, 150 ಗ್ರಾಂ
- ಬೆಲ್ಲ: 15 ಗ್ರಾಂ, 110 ಗ್ರಾಂ

ತುಪ್ಪ ಮನೆಯಲ್ಲಿ 40 ಗ್ರಾಂ. ಇಲ್ಲಿ 300 ಆಗಬೇಕಿತ್ತು, 250 ಸಾಕು. ಕಾರಣ ಒಗ್ಗರಣೆಯ ಪ್ರಶ್ನೆಯಲ್ಲಿದೆ.

ಇದನ್ನೆಲ್ಲ ತೂಕದಲ್ಲೇ ಮಾಡಿ, ಲೋಟ ಚಮಚದಲ್ಲಿ ಬೇಡ. ಮನೆಯಲ್ಲಿ ನಾವು ಹಾಕುವ ಒಂದು ಚಮಚ ಪುಡಿ ಯಾವತ್ತೂ ತಲೆಮಟ್ಟ ಇರುವುದಿಲ್ಲ, ಗೋಪುರ ಇರುತ್ತದೆ. ನಾಲ್ಕು ಜನಕ್ಕೆ ಅದು ಗೊತ್ತಾಗುವುದಿಲ್ಲ. ಏಳೂವರೆ ಪಟ್ಟು ಆದಾಗ ಆ ಗೋಪುರಗಳೇ ಒಂದು ಹಿಡಿ ಪುಡಿ ಆಗುತ್ತವೆ. ‘ನಿಂಬೆಹಣ್ಣಿನ ಗಾತ್ರದ ಹುಣಸೆ’ಯ ಕಥೆಯೂ ಇದೇ. ಯಾವ ನಿಂಬೆಹಣ್ಣು?

ಪುಡಿ ಪೂರ್ತಿ ಏಳೂವರೆ ಪಟ್ಟು ಹಾಕಬಹುದಾ? ದೊಡ್ಡ ಅಡುಗೆಗೆ ಮಸಾಲೆ ಕಮ್ಮಿ ಹಾಕಬೇಕು ಅಂತಾರಲ್ಲ?

ಲೆಕ್ಕದ ಪ್ರಕಾರ ಎಲ್ಲವೂ ಒಂದೇ ಪಟ್ಟು ಹೆಚ್ಚಾದರೆ ರುಚಿಯೂ ಅದೇ ಇರಬೇಕು. ಆದರೆ ದೊಡ್ಡ ಪಾತ್ರೆ ಸಣ್ಣ ಪಾತ್ರೆಯ ಹಾಗೆ ನಡೆದುಕೊಳ್ಳುವುದಿಲ್ಲ. ಮನೆಯಲ್ಲಿ ಬಾತ್ ಇಳಿಸಿದ ಹತ್ತು ನಿಮಿಷಕ್ಕೆ ತಟ್ಟೆಗೆ ಬರುತ್ತದೆ. 16 ಕೆಜಿ ಬಾತ್ ಒಲೆ ಆರಿಸಿದ ಮೇಲೂ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಆ ಹೊತ್ತೆಲ್ಲ ಚಕ್ಕೆ, ಲವಂಗ, ಮರಾಠಿ ಮೊಗ್ಗು ತಮ್ಮ ಸಾರ ಬಿಡುತ್ತಲೇ ಇರುತ್ತವೆ. ಮುಚ್ಚಳ ಹಾಕಿಟ್ಟಿರುವುದರಿಂದ ಘಮ ಹೊರಗೂ ಹೋಗುವುದಿಲ್ಲ. ನನ್ನ ಮೊದಲ ವರ್ಷದ ಲವಂಗದ ಘಾಟು ಹೀಗೇ ಬಂದದ್ದು. ಹನ್ನೆರಡಕ್ಕೆ ನಾನು ರುಚಿ ನೋಡಿದಾಗ ಸರಿಯಾಗೇ ಇತ್ತು!

ಅದಕ್ಕೆ ಪುಡಿ ಮನೆಯಲ್ಲೇ ಮಾಡುತ್ತಿದ್ದರೆ ಧನಿಯಾ, ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ ಇವನ್ನು ಪೂರ್ತಿ ಏಳೂವರೆ ಪಟ್ಟು ಹಾಕಿ. ಚಕ್ಕೆ, ಲವಂಗ, ಮೊಗ್ಗು ಮಾತ್ರ ಐದು ಪಟ್ಟು. ಮೆಂತ್ಯವೂ ಐದೇ ಪಟ್ಟು ಇರಲಿ, ಅದರ ಕಹಿ ಮುಂದೆ ಬರುತ್ತದೆ. ಮೆಣಸಿನಕಾಯಿ ಬ್ಯಾಡಗಿ ಆಗಿದ್ದರೆ ಆರು ಪಟ್ಟು ಹಾಕಬಹುದು, ಅದು ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಮ್ಮಿ. ಗುಂಟೂರು ಮೆಣಸಿನಕಾಯಿ ಆದರೆ ಬ್ಯಾಡಗಿಯ ಅರ್ಧದಷ್ಟೂ ಹಾಕಬೇಡಿ. ಮನೆಯಲ್ಲಿ ನಿಮ್ಮ ಖಾರ ನಿಮಗೆ ಗೊತ್ತು. ಇಲ್ಲಿ ಎಂಬತ್ತು ವರ್ಷದ ಅಜ್ಜಿಯೂ ಇರುತ್ತಾರೆ, ನಾಲ್ಕು ವರ್ಷದ ಮಗುವೂ ಇರುತ್ತದೆ.

ಅಂಗಡಿ ಪುಡಿಯಾದರೆ ಇಷ್ಟು ಬಿಡಿಸಿ ನೋಡುವುದಕ್ಕೆ ಆಗುವುದಿಲ್ಲ. ಆಗ ಮುಕ್ಕಾಲು ಭಾಗ, ಅಂದರೆ ಸುಮಾರು 170 ಗ್ರಾಂ ಮೊದಲು ಹಾಕಿ. ಕಾಲು ಗಂಟೆ ಕುದಿಯಲಿ. ಆಮೇಲೆ ರುಚಿ ನೋಡಿ ಮಿಕ್ಕದ್ದನ್ನು ಸ್ವಲ್ಪ ಸ್ವಲ್ಪ ಹಾಕಿ. ಕಾಲು ಗಂಟೆ ಕಾಯುವುದು ಮುಖ್ಯ. ಪುಡಿಯಲ್ಲಿ ಬೇಳೆ, ಕೊಬ್ಬರಿ ಇರುತ್ತವೆ, ಅವು ನೆನೆದು ಬೆಂದ ಮೇಲೇ ಅದರ ನಿಜವಾದ ರುಚಿ ಮತ್ತು ಗಟ್ಟಿತನ ಎರಡೂ ಗೊತ್ತಾಗುವುದು.

ಪುಡಿಗೆ ಎಲ್ಲವನ್ನೂ ಒಟ್ಟಿಗೆ ಹುರಿದರೆ ಆಗಲ್ವಾ?

ಬೇಡ. ಬಾಣಲೆ ತುಂಬ ಹಾಕಿದರೆ ಕೆಳಗಿನದು ಕಪ್ಪಾಗುತ್ತದೆ, ಮೇಲಿನದು ಹಸಿಯಾಗಿರುತ್ತದೆ. ಮೆಂತ್ಯ ಒಂದು ಕ್ಷಣ ಜಾಸ್ತಿ ಹುರಿದರೂ ಇಡೀ ಪುಡಿ ಕಹಿ. ಒಂದೊಂದನ್ನೂ ಬೇರೆ ಬೇರೆ, ಬೇಳೆಗಳನ್ನು ಎರಡು ಸಲ ಮಾಡಿ ಹುರಿಯಿರಿ. ಹಿಂದಿನ ದಿನ ಸಂಜೆಯೇ ಈ ಕೆಲಸ ಮುಗಿದಿರಲಿ.

ಉಪ್ಪು, ಹುಳಿ ಹೇಗೆ?

ಉಪ್ಪು 120 ಗ್ರಾಂ ಮೊದಲು, ಉಳಿದ 30 ಗ್ರಾಂ ಒಂದು ಬಟ್ಟಲಲ್ಲಿ ಪಕ್ಕಕ್ಕೆ. ಹುಣಸೆಯಲ್ಲಿ 150 ಗ್ರಾಂನ ರಸ ಮೊದಲು, ಮಿಕ್ಕದ್ದು ಪಕ್ಕಕ್ಕೆ. ಹಳೆ ಹುಣಸೆಗೂ ಹೊಸ ಹುಣಸೆಗೂ ಹುಳಿಯಲ್ಲಿ ತುಂಬ ವ್ಯತ್ಯಾಸ ಇರುತ್ತದೆ, ತೂಕ ಒಂದೇ ಇದ್ದರೂ.

ರುಚಿ ನೋಡುವ ರೀತಿಯೂ ಬದಲಾಗಬೇಕು. ಕುದಿಯುವ ಬಾತನ್ನು ಸೌಟಿನ ತುದಿಯಿಂದ ನಾಲಗೆಗೆ ಮುಟ್ಟಿಸಿಕೊಂಡರೆ ಏನೂ ಗೊತ್ತಾಗುವುದಿಲ್ಲ, ಸುಮ್ನೆ ನಾಲಗೆ ಸುಡುತ್ತದೆ. ಒಂದು ತಟ್ಟೆಗೆ ಎರಡು ಚಮಚ ಹಾಕಿ, ಎರಡು ನಿಮಿಷ ಆರಿಸಿ, ತಿನ್ನುವ ಹಾಗೆ ತಿಂದು ನೋಡಿ. ಇನ್ನೊಬ್ಬರಿಗೂ ಕೊಡಿ, ಬೆಳಗ್ಗೆಯಿಂದ ಅಡುಗೆಮನೆಗೆ ಬಾರದವರಿಗೆ. ಮೂರು ಗಂಟೆ ಮಸಾಲೆಯ ಹಬೆ ಕುಡಿದ ಮೂಗಿಗೆ ಎಲ್ಲವೂ ಸಪ್ಪೆಯೇ.

ಹುಳಿ ಯಾವಾಗ ಹಾಕುತ್ತೀರಿ ಅನ್ನುವುದು ಎಷ್ಟು ಹಾಕುತ್ತೀರಿ ಅನ್ನುವಷ್ಟೇ ಮುಖ್ಯ. ಬೇಳೆ, ತರಕಾರಿ ಬೇಯುವ ಮೊದಲೇ ಹುಣಸೆ ಬಿದ್ದರೆ ಅವು ಮೆತ್ತಗಾಗುವುದಿಲ್ಲ. ಹುಳಿ ತರಕಾರಿಯ ನಾರನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಮನೆಯಲ್ಲಿ ಇನ್ನೈದು ನಿಮಿಷ ಬೇಯಿಸಿ ಸರಿಮಾಡಬಹುದು. ದೊಡ್ಡ ಪಾತ್ರೆಯಲ್ಲಿ ಆ ನವಿಲುಕೋಸು ಕಟಕಟ ಅನ್ನುತ್ತಲೇ ತಟ್ಟೆಗೆ ಬರುತ್ತದೆ.

ನೀರು ಎಷ್ಟು? ಇದರಲ್ಲೇ ನನಗೆ ಪ್ರತಿಸಲ ತಪ್ಪುವುದು.

ಎಲ್ಲರಿಗೂ ಇದರಲ್ಲೇ ತಪ್ಪುವುದು. ಮನೆಯಲ್ಲಿ ಒಟ್ಟು 1.6 ಲೀಟರ್ ಹಾಕುತ್ತೇವೆ. ಏಳೂವರೆ ಪಟ್ಟು ಅಂದರೆ 12 ಲೀಟರ್. ಆದರೆ ಮೊದಲಿಗೆ 10 ಲೀಟರ್ ಮಾತ್ರ ಹಾಕಿ, 2 ಲೀಟರ್ ಕುದಿಯುವ ನೀರನ್ನು ಪಕ್ಕದ ಒಲೆಯಲ್ಲಿ ಇಟ್ಟುಕೊಳ್ಳಿ.

ಯಾಕೆ ಅಂದರೆ ಹಬೆ ಹೋಗುವುದು ಪಾತ್ರೆಯ ಬಾಯಿಂದ. ಮನೆಯ ಪಾತ್ರೆ 24 ಸೆಂಟಿಮೀಟರ್ ಅಗಲ, ದೊಡ್ಡದು 40 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಒಳಗಿನ ಬಾತ್ ಏಳೂವರೆ ಪಟ್ಟಾಯಿತು, ಬಾಯಿಯ ಹರವು ಮೂರು ಪಟ್ಟು ಕೂಡ ಆಗಲಿಲ್ಲ. ಹಾಗಾಗಿ ಬಾತಿನ ಲೆಕ್ಕಕ್ಕೆ ಹಬೆಯಾಗಿ ಹೋಗುವ ನೀರು ಕಡಿಮೆ. ಅಷ್ಟೂ ನೀರು ಮೊದಲೇ ಹಾಕಿದರೆ ಸಾರಿನ ಹಾಗಾಗಬಹುದು, ಆಮೇಲೆ ಅದನ್ನು ಇಂಗಿಸುವುದಕ್ಕೆ ಹೋಗಿ ತಳ ಹಿಡಿಯುತ್ತದೆ.

ಇನ್ನೊಂದು ಕಡೆ, ಇಳಿಸಿದ ಮೇಲೆ ಅನ್ನ ನೀರು ಕುಡಿಯುತ್ತಲೇ ಇರುತ್ತದೆ. ಒಲೆಯ ಮೇಲೆ ‘ಆಹಾ, ಸರಿಯಾದ ಹದ’ ಅನ್ನಿಸಿದ್ದು ಒಂದು ಗಂಟೆಯಲ್ಲಿ ಸೌಟು ನೆಟ್ಟರೆ ನಿಲ್ಲುವ ಹಾಗಾಗುತ್ತದೆ. ಹಾಗಾಗಿ ಆ 2 ಲೀಟರ್ ಕೊನೆಗೆ ಬೇಕೇ ಬೇಕಾಗುತ್ತದೆ. ಹದ ನೋಡುವುದು ಹೀಗೆ: ಒಂದು ಸೌಟು ಬಾತ್ ತಟ್ಟೆಗೆ ಹಾಕಿ. ಇಳಿಸುವ ಹೊತ್ತಿಗೆ ಅದು ತಾನಾಗಿ ಹರಡಿ ತಟ್ಟೆಯ ಅಂಚಿನವರೆಗೆ ಹೋಗಬೇಕು, ಗಟ್ಟಿ ಹುಳಿಯ ಹಾಗೆ. ಗುಡ್ಡೆಯಾಗಿ ಕೂತರೆ ಈಗಲೇ ಗಟ್ಟಿಯಾಗಿದೆ ಅಂತ ಅರ್ಥ. ಬಡಿಸುವ ಮುಂಚೆ ಮತ್ತೆ ನೋಡಿ, ಬೇಕಾದರೆ ಕುದಿಯುವ ನೀರನ್ನೇ ಹಾಕಿ. ಅರ್ಧ ಲೀಟರಿಗಿಂತ ಹೆಚ್ಚು ಹಾಕಿದರೆ ಜೊತೆಗೆ ಒಂದು ಚಿಟಿಕೆಗಿಂತ ಜಾಸ್ತಿ ಉಪ್ಪು, ಪಕ್ಕಕ್ಕಿಟ್ಟ ಹುಳಿ ಸ್ವಲ್ಪ ಹೋಗಲಿ. ಇಲ್ಲದಿದ್ದರೆ ನೀರು ಬೆರೆಸಿದ್ದು ನಾಲಗೆಗೆ ಗೊತ್ತಾಗುತ್ತದೆ.

ಕುಕ್ಕರಿನಲ್ಲಿ ಆಗುತ್ತದಾ? ಎಷ್ಟು ಕೂಗು?

ಬೇಳೆ ಕುಕ್ಕರಿನಲ್ಲೇ ಬೇಯಿಸಿ, ಅನ್ನ ಬೇರೆ ಪಾತ್ರೆಯಲ್ಲಿ. ಮನೆಯ ಹಾಗೆ ಅಕ್ಕಿ, ಬೇಳೆ, ತರಕಾರಿ ಎಲ್ಲ ಒಟ್ಟಿಗೆ ಇಡುವುದು ಇಲ್ಲಿ ಬೇಡ. ಮೂರೂ ಬೇರೆ ಬೇರೆ ಬೆಂದು ಕೊನೆಗೆ ಸೇರಿದರೆ ಕದಡುವ ಹೊತ್ತು ಕಡಿಮೆಯಾಗುತ್ತದೆ.

ಬೇಳೆ ನೊರೆ ಬರುವ ಪದಾರ್ಥ, ಹಾಗಾಗಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಿಸಬಾರದು. ನೊರೆ ಹೋಗಿ ವೆಯ್ಟ್ ಕೂರುವ ರಂಧ್ರ ಮುಚ್ಚಿಕೊಂಡರೆ ಅಪಾಯ. 1.1 ಕೆಜಿ ಬೇಳೆಗೆ 3 ಲೀಟರ್ ನೀರು ಹಾಕಿದರೆ 10 ಲೀಟರಿನ ಕುಕ್ಕರಿಗೆ ಸರಿಹೋಗುತ್ತದೆ. 5 ಲೀಟರಿನದೇ ಇರುವುದಾದರೆ ಎರಡು ಸಲ ಇಡಬೇಕು.

ಕೂಗಿನ ಸಂಖ್ಯೆಯನ್ನು ಗುಣಿಸಬೇಡಿ! ಒಳಗಿನ ಒತ್ತಡ ಅದೇ, ಬೇಳೆಯೂ ಅದೇ. ಮನೆಯಲ್ಲಿ ನಾಲ್ಕು ಕೂಗು ಆದರೆ ಇಲ್ಲಿಯೂ ನಾಲ್ಕು ಅಥವಾ ಅದಕ್ಕಿಂತ ಒಂದು ಕಮ್ಮಿ. ಬದಲಾಗುವುದು ಮೊದಲ ಕೂಗು ಬರುವ ಹೊತ್ತು, ಆಮೇಲೆ ಒತ್ತಡ ಇಳಿಯುವ ಹೊತ್ತು. ಇಳಿಯುವುದಕ್ಕೇ ಅರ್ಧ ಗಂಟೆ ಬೇಕಾಗಬಹುದು. ಅವಸರಕ್ಕೆ ವೆಯ್ಟ್ ಎತ್ತಿದರೆ ಬೇಳೆಕಟ್ಟು ಗೋಡೆಗೆ ಹಾರುತ್ತದೆ.

ಹಾಗಾದರೆ ಒಟ್ಟು ಎಷ್ಟು ಹೊತ್ತು ಬೇಕು? ಮನೆಯಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಅನ್ನ ಬೇಯುವುದಕ್ಕೆ ಕುದಿ ಬಂದ ಮೇಲೆ ಹದಿನೈದಿಪ್ಪತ್ತು ನಿಮಿಷ. ಒಂದು ಪಾವಿಗೂ ಅಷ್ಟೇ, ಒಂದೂವರೆ ಕೆಜಿಗೂ ಅಷ್ಟೇ. ಹೊತ್ತು ತಿನ್ನುವುದು ಕುದಿ ಬರುವುದು. ಮನೆಯ ಗ್ಯಾಸ್ ಒಲೆಯಲ್ಲಿ ಒಂದೂವರೆ ಲೀಟರ್ ನೀರು ಐದಾರು ನಿಮಿಷಕ್ಕೆ ಕುದಿಯುತ್ತದೆ. ಅದೇ ಒಲೆಯ ಮೇಲೆ 12 ಲೀಟರ್ ಒಟ್ಟಿಗೆ ಇಟ್ಟರೆ ಮುಕ್ಕಾಲು ಗಂಟೆ ಹತ್ತಿರ ಹೋಗುತ್ತದೆ. ಒಲೆ ಕೊಡುವ ಶಾಖ ಅಷ್ಟೇ ತಾನೆ? ಅದಕ್ಕೆ ನೀರನ್ನು ಎರಡು ಮೂರು ಒಲೆಗಳಿಗೆ ಹಂಚಿ. ಅಕ್ಕಿಯ 4 ಲೀಟರ್ ಒಂದರಲ್ಲಿ, ತರಕಾರಿಯ 3 ಲೀಟರ್ ಇನ್ನೊಂದರಲ್ಲಿ.

ಊಟ 1 ಗಂಟೆಗೆ ಅಂದರೆ ನಮ್ಮಲ್ಲಿ ಹೀಗೆ ನಡೆಯುತ್ತದೆ. 7.30ಕ್ಕೆ ತರಕಾರಿ ಹೆಚ್ಚುವುದು ಶುರು, ಇಬ್ಬರು ಕೂತರೆ ಒಂದು ಗಂಟೆ. ಹುಣಸೆ ಆಗಲೇ ಬಿಸಿನೀರಿಗೆ ಬಿದ್ದಿರುತ್ತದೆ. 9ಕ್ಕೆ ಬೇಳೆ ಕುಕ್ಕರಿಗೆ, 9.30ಕ್ಕೆ ಅನ್ನಕ್ಕೆ ಇಡುತ್ತೇವೆ. 10ಕ್ಕೆ ದೊಡ್ಡ ಪಾತ್ರೆಯಲ್ಲಿ ತರಕಾರಿಯ ನೀರು. ಕುದಿ ಬಂದು ತರಕಾರಿ ಮುಕ್ಕಾಲು ಬೇಯುವ ಹೊತ್ತಿಗೆ 10.40. ಆಗ ಹುಣಸೆರಸ, ಬೆಲ್ಲ, ಉಪ್ಪು, ಪುಡಿ. 11ಕ್ಕೆ ಬೆಂದ ಬೇಳೆ ಸುರಿದು ಮತ್ತೆ ಕುದಿ ಬರಿಸುತ್ತೇವೆ. 11.20ಕ್ಕೆ ಅನ್ನ, ಅಲ್ಲಿಂದ ಸಣ್ಣ ಉರಿ. 11.45ಕ್ಕೆ ರುಚಿ ನೋಡುವುದು, 12ಕ್ಕೆ ಒಗ್ಗರಣೆ. ಉಳಿದ ಒಂದು ಗಂಟೆ ತಪ್ಪು ತಿದ್ದುವುದಕ್ಕೆ. ಭಾಷಣಗಳು ಉದ್ದವಾಗುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತರಕಾರಿ ಕರಗಿ ಹೋಗುತ್ತದೆ, ಏನು ಮಾಡಲಿ?

ಮನೆಯಲ್ಲಿ ಅರ್ಧ ಇಂಚಿಗೆ ಹೆಚ್ಚುತ್ತಿದ್ದರೆ ಇಲ್ಲಿ ಒಂದು ಇಂಚಿಗೆ ಹೆಚ್ಚಿ. ಮುಕ್ಕಾಲು ಬೆಂದಾಗಲೇ ಹುಳಿ ಹಾಕಿಬಿಡಿ, ಮಿಕ್ಕ ಕಾಲು ಭಾಗವನ್ನು ಪಾತ್ರೆಯ ಬಿಸಿಯೇ ಬೇಯಿಸುತ್ತದೆ. ಹುಳಿ ಬಿದ್ದ ಮೇಲೆ ಮೆತ್ತಗಾಗುವುದು ನಿಧಾನ ಅನ್ನುವುದು ಇಲ್ಲಿ ನಮ್ಮ ಅನುಕೂಲಕ್ಕೇ ಬರುತ್ತದೆ. ಆಲೂಗಡ್ಡೆ 300 ಗ್ರಾಂ ದಾಟದಿರಲಿ.

ಪಾತ್ರೆ ಯಾವುದು? ತಳ ಹಿಡಿಯದ ಹಾಗೆ ಹೇಗೆ?

16 ಕೆಜಿ ಬಾತಿಗೆ 25 ಲೀಟರ್ ಹಿಡಿಯುವ ಪಾತ್ರೆ ಬೇಕು, ಕದಡುವಾಗ ಹೊರಗೆ ಚೆಲ್ಲಬಾರದಲ್ಲ. ದಪ್ಪ ತಳದ ಸ್ಟೀಲ್ ಒಳ್ಳೆಯದು. ಬಾಡಿಗೆಗೆ ಹಿತ್ತಾಳೆ ಅಥವಾ ತಾಮ್ರದ್ದು ತಂದರೆ ಒಳಗೆ ಕಲಾಯಿ ಸರಿಯಾಗಿದೆಯಾ ನೋಡಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಯ ಅಡುಗೆ ಮಾಡಲೇಬಾರದು, ಕಿಲುಬು ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಅನ್ನಕ್ಕೆ ಇಟ್ಟುಕೊಳ್ಳಿ.

ಬೇಳೆ ಬಿದ್ದ ಕ್ಷಣದಿಂದ ಒಬ್ಬರು ಪಾತ್ರೆ ಬಿಟ್ಟು ಕದಲಬಾರದು. ಉದ್ದ ಹಿಡಿಯ ಸಟ್ಟುಗದಿಂದ ತಳ ಕೆರೆಯುವ ಹಾಗೆ ಕದಡುತ್ತಿರಬೇಕು, ಮೇಲೆ ಮೇಲೆ ಅಲ್ಲ. ಪಾತ್ರೆಯ ಕೆಳಗೆ ಹಳೇ ಕಬ್ಬಿಣದ ಹಂಚು ಇಟ್ಟರೆ ಉರಿ ಒಂದೇ ಕಡೆ ಬಡಿಯುವುದಿಲ್ಲ. ಸಟ್ಟುಗ ನುಣುಪಾಗಿ ಜಾರುತ್ತಿದ್ದದ್ದು ಒಂದು ಜಾಗದಲ್ಲಿ ತಡೆದ ಹಾಗೆ ಅನ್ನಿಸಿದರೆ ಅಲ್ಲಿ ಹಿಡಿಯಲು ಶುರುವಾಗಿದೆ. ವಾಸನೆ ಬರುವುದು ಆಮೇಲೆ.

ಹಿಡಿದೇಬಿಟ್ಟರೆ ಕೆರೆಯಬೇಡಿ, ಕದಡಲೂಬೇಡಿ. ಒಲೆ ಆರಿಸಿ, ಮೇಲಿನದನ್ನು ಸೌಟಿನಿಂದ ಇನ್ನೊಂದು ಪಾತ್ರೆಗೆ ತೆಗೆಯಿರಿ. ತಳದ ಅರ್ಧ ಇಂಚು ಅಲ್ಲೇ ಬಿಡಿ. ಒಂದೂವರೆ ಎರಡು ಕೆಜಿ ಹೋಗುತ್ತದೆ, ಮಿಕ್ಕದ್ದು ಉಳಿಯುತ್ತದೆ. ಕೆರೆದರೆ ಎಲ್ಲವೂ ಸೀದ ವಾಸನೆ.

ಒಗ್ಗರಣೆ ಏಳೂವರೆ ಪಟ್ಟು ಬೇಕಾ?

ಸಾಸಿವೆ, ಇಂಗಿಗೆ ಐದು ಪಟ್ಟು ಸಾಕು. ತುಪ್ಪದಲ್ಲಿ ಅರ್ಧ ಒಗ್ಗರಣೆಗೆ, ಇನ್ನರ್ಧ ಬಡಿಸುವ ಮುಂಚೆ ಮೇಲೆ ಹಾಕುವುದಕ್ಕೆ. ಮೊದಲೇ ಎಲ್ಲ ಹಾಕಿದರೆ ಒಂದು ಗಂಟೆಯಲ್ಲಿ ಬಾತ್ ಹೀರಿಕೊಂಡುಬಿಡುತ್ತದೆ, ತಿನ್ನುವವರಿಗೆ ಘಮವೇ ಸಿಗುವುದಿಲ್ಲ. ಹೀಗೆ ಎರಡು ಸಲ ಮಾಡುವುದರಿಂದಲೇ 250 ಗ್ರಾಂ ಸಾಕಾಗುವುದು. ಗೋಡಂಬಿ, ಕಡಲೆಕಾಯಿ ಬೀಜ ಬೇರೆಯಾಗಿ ಹುರಿದು ಕೊನೆಗೆ ಹಾಕಿ, ಇಲ್ಲದಿದ್ದರೆ ಮೆತ್ತಗಾಗುತ್ತವೆ.

ಕರಿಬೇವನ್ನು ತೊಳೆದು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿರಿ. ಎರಡು ಹಿಡಿ ಒದ್ದೆ ಸೊಪ್ಪು ಅಷ್ಟು ಬಿಸಿ ತುಪ್ಪಕ್ಕೆ ಬಿದ್ದರೆ ಮೊಣಕೈವರೆಗೆ ಸಿಡಿಯುತ್ತದೆ. ನನಗೆ ಗೊತ್ತು.

ಉಪ್ಪೋ ಖಾರವೋ ಜಾಸ್ತಿಯಾದರೆ?

ಆಲೂಗಡ್ಡೆ ಹಾಕಿದರೆ ಉಪ್ಪು ಎಳೆಯುತ್ತದೆ ಅನ್ನುವ ಮಾತು ನಂಬಬೇಡಿ. ಅದು ಸ್ವಲ್ಪ ಉಪ್ಪುನೀರು ಕುಡಿಯುತ್ತದೆ, ಅಷ್ಟೇ. ಪಾತ್ರೆಯಲ್ಲಿ ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ. ನಾನು ಅರ್ಧ ಕೆಜಿ ಅನ್ನ, ಒಂದು ಬಟ್ಟಲು ಬೇಳೆ ಉಪ್ಪಿಲ್ಲದೆ ಬೇರೆ ಬೇಯಿಸಿ ಇಟ್ಟಿರುತ್ತೇನೆ. ಉಪ್ಪಿಗೂ ಅದೇ ಮದ್ದು, ಖಾರಕ್ಕೂ ಅದೇ. ಬೇಕಾಗದಿದ್ದರೆ ಅನ್ನ ಮೊಸರನ್ನಕ್ಕೆ ಹೋಗುತ್ತದೆ. ಮಕ್ಕಳಿಗೆ ಅಂತ ಮೂರು ಕೆಜಿಯಷ್ಟನ್ನು ಕೊನೆಯ ಕಾಲು ಭಾಗ ಪುಡಿ ಹಾಕುವ ಮೊದಲೇ ತೆಗೆದಿಟ್ಟರೆ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಮಾಡಿ ಕಾರಿನಲ್ಲಿ ಹಾಲಿಗೆ ಒಯ್ಯುತ್ತೇವೆ. ಉಳಿದದ್ದನ್ನು ಏನು ಮಾಡುವುದು?

ಒಯ್ಯುವಾಗ ಇನ್ನೂ ಸ್ವಲ್ಪ ತೆಳುವಾಗಿರಲಿ. ಕುದಿಯುವ ಬಿಸಿಯಲ್ಲೇ ಹಾಟ್‌ಬಾಕ್ಸಿಗೆ ತುಂಬಿ, ಜೊತೆಗೆ ಥರ್ಮಾಸಿನಲ್ಲಿ ಬಿಸಿನೀರು ಒಯ್ಯಿರಿ. ಬಡಿಸುವವರೆಗೂ ಬಾತ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಅಂದಾಜಿಗೆ ಹೇಳುವುದಾದರೆ, ಮುಚ್ಚಳ ತೆಗೆದಾಗ ಹಬೆ ಚೆನ್ನಾಗಿ ಏಳಬೇಕು, ಬೆರಳು ಇಟ್ಟುಕೊಂಡಿರಲು ಆಗಬಾರದು.

ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಉಗುರುಬೆಚ್ಚಗೆ ಹೊತ್ತುಗಟ್ಟಲೆ ಇಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಮನೆಯಲ್ಲಿ ಉಳಿಯುವ ಒಂದು ಬಟ್ಟಲು ಬೇಗ ಆರುತ್ತದೆ, ದೊಡ್ಡ ಪಾತ್ರೆಯ ನಡುಭಾಗ ಸಂಜೆಯಾದರೂ ಬೆಚ್ಚಗೇ ಇರುತ್ತದೆ. ಹಾಗಾಗಿ ಊಟ ಮುಗಿದ ಕೂಡಲೇ ಉಳಿದದ್ದನ್ನು ಅಗಲ ತಟ್ಟೆಗಳಿಗೆ ಎರಡು ಇಂಚು ದಪ್ಪಕ್ಕೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಅದಕ್ಕಿಂತ ಸುಲಭದ ದಾರಿ, ಬಿಸಿ ಇರುವಾಗಲೇ ವಾಚ್‌ಮನ್ ಮನೆಗೆ, ಕೆಲಸದವರ ಮನೆಗೆ ಡಬ್ಬಿ ತುಂಬಿ ಕೊಟ್ಟುಬಿಡುವುದು. ರಾತ್ರಿ ತನಕ ಇಟ್ಟು ಆಮೇಲೆ ಕೊಡಬೇಡಿ.